ಸಾಲಕ್ಕೆ ಹೆಚ್ಚುವರಿ ಹಣ ಕಟ್ಟಿದಿರಾ? ಇಳಿದದ್ದು ಅವಧಿಯೋ ಕಂತೋ, ಹೀಗೆ ನೋಡಿ

ಗೃಹಸಾಲಕ್ಕೆ ಒಟ್ಟಿಗೆ 2 ಲಕ್ಷ ಕಟ್ಟಿ, 'ಕಂತು ಹಾಗೇ ಇರಲಿ, ಅವಧಿ ಇಳಿಸಿ' ಎಂದು ಬರೆದುಕೊಟ್ಟಿದ್ದೀರಿ. ಹಣ ಬಂತು ಎಂದು ಮೆಸೇಜ್ ಬಂದಿದೆ. ಆದರೆ ಅವಧಿ ಇಳಿಯಿತು ಎಂದು ಆ ಮೆಸೇಜ್ ಹೇಳುವುದಿಲ್ಲ, ಅಲ್ವಾ? ಅದಕ್ಕೆ ಸಾಲದ ಖಾತೆಯ ಸ್ಟೇಟ್‌ಮೆಂಟ್ ಮತ್ತು ಹೊಸ ಮರುಪಾವತಿ ಪಟ್ಟಿ ಎರಡನ್ನೂ ತೆಗೆಸಿಕೊಳ್ಳಿ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಬಾಕಿ ಅಸಲು 20 ಲಕ್ಷ, ಬಡ್ಡಿ ಶೇ 9, ಇನ್ನು 180 ಕಂತು, ತಿಂಗಳ ಕಂತು 20,285 ರೂಪಾಯಿ. ಕಂತು ಕಟ್ಟಿದ ದಿನವೇ 2 ಲಕ್ಷವನ್ನೂ ಕಟ್ಟಿದ್ದೀರಿ.

ಮೊದಲು ಸ್ಟೇಟ್‌ಮೆಂಟಿನಲ್ಲಿ ಆ ದಿನದ ಬಾಕಿ 18 ಲಕ್ಷ ಆಗಿದೆಯೇ ನೋಡಿ. ಆಮೇಲೆ ಮುಂದಿನ ಕಂತಿನ ಸಾಲಿಗೆ ಬನ್ನಿ. ಬಡ್ಡಿ ಸುಮಾರು 13,500, ಅಸಲಿಗೆ 6,785 ಹೋಗಿದ್ದರೆ ಎಲ್ಲ ಸರಿ. ಕಂತೇ 18,257ಕ್ಕೆ ಇಳಿದಿದ್ದರೆ ನೀವು ಕೇಳಿದ್ದಕ್ಕೆ ಉಲ್ಟಾ ಆಗಿದೆ. ಬಡ್ಡಿ ಇನ್ನೂ 15,000 ಇದ್ದರೆ ನಿಮ್ಮ ಹಣ ಅಸಲಿಗೆ ಸೇರಿಲ್ಲ. ಮುಂದಿನ ಕಂತುಗಳ ಮುಂಗಡ ಎಂದು ಸುಮ್ನೆ ಕೂತಿರಬಹುದು. ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ದೊಡ್ಡ ತಪ್ಪು, ಏಕೆಂದರೆ ಹಣ ಕೊಟ್ಟ ಮೇಲೂ ಅದಕ್ಕೆ ಬಡ್ಡಿ ಓಡುತ್ತಿರುತ್ತದೆ. ದಿನದ ಲೆಕ್ಕದಲ್ಲಿ ಬಡ್ಡಿ ಹಾಕುವ ಕಡೆ, ತಿಂಗಳಿಗೆ ಎಷ್ಟು ದಿನ ಎಂಬುದರ ಮೇಲೆ ಈ ಅಂಕಿ ಸ್ವಲ್ಪ ಆಚೀಚೆ ಆಗುತ್ತದೆ. ತಿಂಗಳ ನಡುವೆ ಕಟ್ಟಿದ್ದರೆ ಎರಡನೇ ತಿಂಗಳ ಸಾಲನ್ನು ನೋಡಿ.

ಈಗ ಉಳಿದ ಕಂತು ಎಷ್ಟೆಂದು ನೀವೇ ಲೆಕ್ಕ ಹಾಕಿ. ಎಕ್ಸೆಲ್‌ನಲ್ಲಿ ಹೀಗೆ ಟೈಪ್ ಮಾಡಿ:

```
=NPER(9%/12,-20285,1800000)
```

ಉತ್ತರ 146.57, ಅಂದರೆ 147 ಕಂತು. ಕೊನೆಯದು ಅರ್ಧದಷ್ಟೇ ಇರುತ್ತದೆ. 33 ತಿಂಗಳು ಕಡಿಮೆಯಾಯಿತು. ಕಂತು ಇಳಿಸಿದ್ದರೆ 180 ತಿಂಗಳೂ ಕಟ್ಟಬೇಕಿತ್ತು, ಒಟ್ಟು ಬಡ್ಡಿ ಅವಧಿ ಇಳಿಸಿದ್ದಕ್ಕಿಂತ 3 ಲಕ್ಷಕ್ಕೂ ಹೆಚ್ಚು ಜಾಸ್ತಿ ಆಗುತ್ತಿತ್ತು.

ಹೊಸ ಪಟ್ಟಿಯ ಕೊನೆಯ ತಾರೀಕು ಈ 147ಕ್ಕೆ ಹೊಂದಬೇಕು. ಬಾಕಿ ಇಳಿದು, ಕಂತು ಹಾಗೇ ಇದ್ದು, ಕೊನೆಯ ತಾರೀಕು ಮಾತ್ರ ಹಳೆಯದೇ ಉಳಿದಿದ್ದರೆ ಬಿಡಬೇಡಿ. ಮುಂದೆ ಬಡ್ಡಿ ದರ ಬದಲಾದಾಗ ಆ ಹಳೆಯ ಅವಧಿಗೇ ಕಂತನ್ನು ಹೊಸದಾಗಿ ಲೆಕ್ಕ ಹಾಕಿದರೆ, ನೀವು ಉಳಿಸಿದ ತಿಂಗಳುಗಳು ಹೋದಂತೆಯೇ. ಅದೇ ಹೊತ್ತಿಗೆ ದರವೂ ಬದಲಾಗಿದ್ದರೆ, ಸೂತ್ರದಲ್ಲಿ ಹೊಸ ದರ ಹಾಕಿದ ಮೇಲೆಯೇ ತಪ್ಪು ಹುಡುಕಿ.

ಹೊಂದದಿದ್ದರೆ ಇಮೇಲ್ ಅಥವಾ ಪತ್ರದಲ್ಲಿ ದೂರು ಕೊಡಿ. ಹಣ ಕಟ್ಟಿದ ದಿನದಿಂದಲೇ ಅಸಲಿಗೆ ಜಮಾ ಮಾಡಿ, ಆಮೇಲೆ ಹಾಕಿದ ಹೆಚ್ಚಿನ ಬಡ್ಡಿಯನ್ನು ವಾಪಸ್ ಮಾಡಿ ಎಂದು ಸ್ಪಷ್ಟವಾಗಿ ಕೇಳಿ. ಅವಧಿ ಇಳಿಸಿ ಎಂದು ಬರೆದುಕೊಟ್ಟ ಅರ್ಜಿಯ ಪ್ರತಿ ಜೊತೆಗಿರಲಿ. 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಸಮಾಧಾನ ಆಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ cms.rbi.org.in ನಲ್ಲಿ ದೂರು ಸಲ್ಲಿಸಬಹುದು.