ಲಿಂಕ್ ಸ್ಪೀಡ್ 866, ಬರುತ್ತಿದ್ದದ್ದು 94 ಮಾತ್ರ

ಪ್ಲಾನ್ 300 Mbps, ಫೋನಿನ ವೈಫೈ ವಿವರದಲ್ಲಿ ಲಿಂಕ್ ಸ್ಪೀಡ್ 866 Mbps, ಆದರೆ ಸ್ಪೀಡ್ ಟೆಸ್ಟ್ ಯಾವಾಗ ಮಾಡಿದರೂ 94ರ ಹತ್ತಿರವೇ ನಿಲ್ಲುತ್ತಿತ್ತು. ಈ 866 ಫೋನ್ ಮತ್ತು ರೂಟರ್ ನಡುವಿನ ವೇಗ ಅಷ್ಟೇ, ಅದರಾಚೆಗಿನ ಇಂಟರ್ನೆಟ್ ಬಗ್ಗೆ ಅದು ಏನೂ ಹೇಳುವುದಿಲ್ಲ. ಒಂದು ಚಾನೆಲ್‌ನಲ್ಲಿ ಒಂದು ಸಲಕ್ಕೆ ಒಂದೇ ಸಾಧನ ಕಳಿಸಬೇಕು, ಉಳಿದವು ಕಾಯಬೇಕು, ಹಾಗಾಗಿ ಹತ್ತಿರ ಕೂತರೂ ನಿಜವಾಗಿ ಸಿಗುವುದು ಹೆಚ್ಚುಕಡಿಮೆ ಅರ್ಧ, ಇಲ್ಲವೇ ಸ್ವಲ್ಪ ಜಾಸ್ತಿ. ಆದರೂ 94 ತುಂಬಾ ಕಡಿಮೆ ಅಲ್ವಾ?

ವೈಫೈ ಕಾರಣವಾಗಿದ್ದರೆ ಅಂಕಿ ಏರಿಳಿಯುತ್ತದೆ. ಹೀಗೆ 94ಕ್ಕೇ ಅಂಟಿಕೊಂಡರೆ ದಾರಿಯಲ್ಲಿ ಎಲ್ಲೋ 100 Mbps ಕೇಬಲ್ ಜೋಡಣೆ ಇದೆಯಾ ಅಂತ ನೋಡಬೇಕು. ರೂಟರ್ ಸೆಟ್ಟಿಂಗ್ಸ್‌ನಲ್ಲಿ ಇಂಟರ್ನೆಟ್ ಕೇಬಲ್ ಸೇರುವ WAN ಪೋರ್ಟ್ 100 ಅಂತಲೇ ತೋರಿಸಿತು. ಗಿಗಾಬಿಟ್‌ಗೆ, ಅಂದರೆ 1000 Mbpsಗೆ, ಕೇಬಲ್‌ನ ಎಂಟೂ ತಂತಿ ಸರಿ ಇರಬೇಕು, 100ಕ್ಕೆ ನಾಲ್ಕೇ ಸಾಕು. ಮೋಡೆಮ್‌ನಿಂದ ಬರುವ ಕೇಬಲ್ ಬದಲಾಯಿಸಿದೆ. ಪೋರ್ಟ್ 1000 ಆಯಿತು, ಟೆಸ್ಟ್‌ನಲ್ಲಿ 280 ದಾಟಿತು.