ಕೋವರ್ಕಿಂಗ್ ಜಾಹೀರಾತು: ರೇಟು ಹೇಳಿಯೇ ಗೆದ್ದ ಸ್ಕ್ರಿಪ್ಟ್

ವಿಜಯನಗರದ ಒಂದು ಕೋವರ್ಕಿಂಗ್ ಜಾಗಕ್ಕೆ 30 ಸೆಕೆಂಡಿನ ರೀಲ್ ಬರೆದಾಗ, "ರೇಟು ಹೇಳಿದ್ರೆ ಯಾರೂ ಬರಲ್ಲ" ಅಂತ ಮಾಲೀಕರಿಂದ ಎಡಿಟರ್‌ವರೆಗೆ ಎಲ್ಲರದೂ ಒಂದೇ ರಾಗ. ಅದಕ್ಕೂ ಮೊದಲು ಬೇರೆಯವರಿಂದ ಮಾಡಿಸಿದ್ದ ವಿಡಿಯೊಗೆ ಹತ್ತಿರ ಹತ್ತಿರ 40 ಸಾವಿರ ಸುರಿದಿದ್ದರು. ಬೀನ್ ಬ್ಯಾಗು, ಕಾಫಿ ಕಪ್ಪು, ಕನಸಿನ ಮಾತು. ಫೋನ್ ಮಾಡಿದವರು "ದಿನಕ್ಕೆಷ್ಟು?" ಅಂತ ಕೇಳಿ ಇಟ್ಟುಬಿಡುತ್ತಿದ್ದರು.

ನಾನು ಬರೆದದ್ದು ಇದು:

(ಕುಕ್ಕರ್ ಸೀಟಿ)
ಹುಡುಗಿ, ಲ್ಯಾಪ್‌ಟಾಪ್ ಮುಂದೆ: ಸಾರಿ ಸರ್, ಒಂದ್ನಿಮಿಷ...
(ಮತ್ತೆ ಸೀಟಿ. ಫೋನ್ ಬೂತಿನ ಬಾಗಿಲು ಮುಚ್ಚುತ್ತದೆ.)
ಹುಡುಗಿ: ಹಾಂ, ಹೇಳಿ ಸರ್.
ದನಿ: ವಿಜಯನಗರ ಮೆಟ್ರೊದಿಂದ ಐದು ನಿಮಿಷದ ನಡಿಗೆ. ಮೇಜು, ವೈಫೈ, ಮಾತಾಡೋಕೆ ಬೂತು. ದಿನಕ್ಕೆ 400, ಟ್ಯಾಕ್ಸ್ ಸೇರಿ.

ಮೊದಲು ಟ್ರಾಫಿಕ್ ಸದ್ದು ಹಾಕಿದ್ದೆವು. ಸ್ಟುಡಿಯೊದಲ್ಲಿ ಭರ್ಜರಿ, ಮೊಬೈಲ್ ಸ್ಪೀಕರಿನಲ್ಲಿ ಏನೂ ಇಲ್ಲ. ಗುಂಯ್ ಅನ್ನುವ ತಗ್ಗಿನ ಸದ್ದನ್ನು ಅದು ನುಂಗುತ್ತದೆ. ಸೀಟಿ ಎತ್ತರದ ಸದ್ದು, ಮೊಬೈಲಿನಲ್ಲೂ ಕೇಳುತ್ತದೆ. ಬಾಗಿಲು ಮುಚ್ಚಿದ ಮೇಲೆ ಆಡಿಯೊ ಪೂರ್ತಿ ಕತ್ತರಿಸಬೇಡಿ, ವಿಡಿಯೊ ಕೆಟ್ಟಿದೆ ಅಂದುಕೊಂಡು ಜನ ಮುಂದೆ ಹೋಗುತ್ತಾರೆ. ಬೂತಿನೊಳಗಿನ ಖಾಲಿ ಸದ್ದನ್ನೇ ಎರಡು ಸೆಕೆಂಡು ತೆಳುವಾಗಿ ಬಿಡಿ. ಸೀಟಿಯನ್ನು ಹೇಗೆ ರೆಕಾರ್ಡ್ ಮಾಡಿದೆ ಅನ್ನೋದು ಮಾತ್ರ ನನ್ನಲ್ಲೇ ಇರಲಿ.

ಇನ್ನು ಆ 400. ಜಾಗದ ಬೆಲೆ 339, ಅದರ ಮೇಲೆ 18% ಜಿಎಸ್‌ಟಿ 61. ವರ್ಷಕ್ಕೆ 20 ಲಕ್ಷದೊಳಗೆ ದುಡಿಯುವ ಫ್ರೀಲ್ಯಾನ್ಸರ್‌ಗೆ ಸಾಮಾನ್ಯವಾಗಿ ಜಿಎಸ್‌ಟಿ ನಂಬರ್ ಇರಲ್ಲ, ಆ 61 ವಾಪಸ್ ಬರಲ್ಲ. 400 ಅಂತ ಕರೆದು 472 ಬಿಲ್ ಕೊಟ್ಟರೆ ರಿಸೆಪ್ಶನ್‌ನಲ್ಲೇ ಜಗಳ. ನೋಂದಣಿ ಇರುವ ಸ್ಟಾರ್ಟಪ್‌ಗೆ ಇನ್‌ಪುಟ್ ಕ್ರೆಡಿಟ್ ಸಿಗುತ್ತದೆ, ಅವರು ನೋಡುವುದು ಮೂಲ ಬೆಲೆಯನ್ನು. ಹಾಗಾಗಿ ಶೂಟ್ ಒಂದೇ, ಅವರಿಗೆ ಕೊನೆಯ ಎಂಟು ಸೆಕೆಂಡು ಬೇರೆ: "ಒಂದು ಸೀಟ್‌ಗೆ ತಿಂಗಳಿಗೆ 6,500, ಜಿಎಸ್‌ಟಿ ಬೇರೆ."

ಅದೇ ತುಂಡಿನಲ್ಲಿ "ಜಿಎಸ್‌ಟಿ ವಿಳಾಸ ಗ್ಯಾರಂಟಿ" ಅಂತ ಹಾಕಿ ಅಂದರು ಮಾಲೀಕರು. ಹಾಕಲಿಲ್ಲ. ಈ ವಿಳಾಸಕ್ಕೆ ಜಿಎಸ್‌ಟಿ ನೋಂದಣಿ ಕೊಡುವುದು ಅಧಿಕಾರಿ, ಅವರು ಜಾಗ ನೋಡಲೂ ಬರಬಹುದು. ನಾವು ಕೊಡಬಹುದಾದ್ದು ಕಾಗದ ಮಾತ್ರ: "ಅಗ್ರಿಮೆಂಟು, ಎನ್‌ಒಸಿ, ಕರೆಂಟ್ ಬಿಲ್ ಕಾಪಿ ಕೊಡ್ತೀವಿ. ಬಾಗಿಲಲ್ಲಿ ನಿಮ್ಮ ಬೋರ್ಡೂ ಇರುತ್ತೆ." ಕಟ್ಟಡ ಬಾಡಿಗೆಯದಾದರೆ ಸಬ್‌ಲೀಸ್‌ಗೆ ಅನುಮತಿ ಇದೆಯಾ ಅಂತ ಕಟ್ಟಡದವರ ಜೊತೆಗಿನ ಕರಾರು ಓದಿಯೇ ಈ ಸಾಲು ಬರೆಯಿರಿ.

ನಡುವೆ ಬರೀ ಆಡಿಯೊವನ್ನು ಅಪಾರ್ಟ್‌ಮೆಂಟ್ ವಾಟ್ಸಾಪ್ ಗುಂಪುಗಳಿಗೂ ಬಿಟ್ಟು ನೋಡಿದೆವು. ಸೀಟಿಗೆ ಎಲ್ಲರೂ ನಕ್ಕರು, ಬಂದವರು ಯಾರೂ ಇಲ್ಲ.

ರೀಲನ್ನು ದಿನಕ್ಕೆ 300 ರೂಪಾಯಿ ಖರ್ಚು ಮಾಡಿ ಜಾಹೀರಾತಾಗಿ ಓಡಿಸಿದೆವು. ಕರೆಗಳು ಅರ್ಧಕ್ಕಿಳಿದವು, ಮಾಲೀಕರ ಮುಖವೂ ಇಳಿಯಿತು. ಆದರೆ ಕರೆ ಮಾಡಿದ ಮೂವರಲ್ಲಿ ಒಬ್ಬರಾದರೂ ಬಂದು ಕೂತರು. ಹಳೆಯ ವಿಡಿಯೊಗೆ ಇಪ್ಪತ್ತರಲ್ಲಿ ಒಬ್ಬರು ಬಂದಿದ್ದರೆ ಹೆಚ್ಚು.