ಕೆಲಸ ಬಿಡುವ ಮುನ್ನ ಬರೆದಿಟ್ಟ ಜರ್ನಲ್ ಎಂಟ್ರಿಗಳ ಪಟ್ಟಿ

ಕೆಲಸ ಬಿಡುವುದು ಖಚಿತವಾದ ಮೇಲೆ ಮೊದಲು ಕೈಹಾಕಿದ್ದು ತಿಂಗಳು ತಿಂಗಳೂ ಹಾಕುವ ಜರ್ನಲ್ ಎಂಟ್ರಿಗಳ ಪಟ್ಟಿಗೆ. ನೆನಪನ್ನು ನಂಬಲಿಲ್ಲ. ಹಿಂದಿನ 12 ತಿಂಗಳ ಜರ್ನಲ್ ರಿಜಿಸ್ಟರ್ ತೆಗೆದು, ಒಂದಕ್ಕಿಂತ ಹೆಚ್ಚು ಸಲ ಬಂದ ಎಂಟ್ರಿಗಳಿಗೆಲ್ಲ ಗುರುತು ಹಾಕಿಕೊಂಡೆ. ಒಂದೇ ತಿಂಗಳು ನೋಡಿದರೆ ಮೂರು ತಿಂಗಳಿಗೊಮ್ಮೆ ಬರುವವು ತಪ್ಪಿಸಿಕೊಳ್ಳುತ್ತವೆ.

ಇಂಥ ಪಟ್ಟಿಯಲ್ಲಿ ಸಾಮಾನ್ಯವಾಗಿ ಯಾವ ಲೆಡ್ಜರ್‌ಗೆ ಡೆಬಿಟ್, ಯಾವುದಕ್ಕೆ ಕ್ರೆಡಿಟ್, ಮೊತ್ತ ಎಷ್ಟು ಅಂತ ಬರೆದು ಮುಗಿಸುತ್ತಾರೆ. ಅಷ್ಟನ್ನು ಹಳೆಯ ವೋಚರ್ ನೋಡಿದರೂ ತಿಳಿಯಬಹುದು. ಹೊಸಬರಿಗೆ ತಿಳಿಯದಿರುವುದು ಆ ಮೊತ್ತ ಎಲ್ಲಿಂದ ಬರುತ್ತದೆ, ಯಾವಾಗ ಬದಲಾಗುತ್ತದೆ, ಯಾವ ತಿಂಗಳಿಗೆ ನಿಲ್ಲಬೇಕು ಎಂಬುದು. ಹಾಗಾಗಿ ಪ್ರತಿ ಎಂಟ್ರಿಯ ಪಕ್ಕದಲ್ಲಿ ಅದರ ಷೆಡ್ಯೂಲ್ ಫೈಲ್ ಎಲ್ಲಿದೆ, ಅದಕ್ಕೆ ಬೇಕಾದ ಮಾಹಿತಿ ಯಾರಿಂದ ಬರುತ್ತದೆ, ಕೊನೆಯ ತಿಂಗಳು ಯಾವುದು ಎಂದು ಬರೆದೆ. ಅದರ ಜೊತೆಗೆ ಒಂದು ಸಾಲು: ತಿಂಗಳ ಕೊನೆಗೆ ಷೆಡ್ಯೂಲ್‌ನ ಉಳಿಕೆ ಯಾವ ಲೆಡ್ಜರ್‌ನ ಬಾಕಿಗೆ ತಾಳೆಯಾಗಬೇಕು.

ನನ್ನ ಜಾಗಕ್ಕೆ ಬಂದ ಹುಡುಗಿಗೆ ಇದನ್ನು ವಿಮೆಯ ಎಂಟ್ರಿ ಹಿಡಿದು ತೋರಿಸಿದೆ. ವರ್ಷದ ಪ್ರೀಮಿಯಂ 1,20,000 ಮೊದಲ ತಿಂಗಳಲ್ಲೇ ಕಟ್ಟಿ ಪ್ರೀಪೇಯ್ಡ್ ಲೆಡ್ಜರ್‌ಗೆ ಹಾಕಿತ್ತು. ಪ್ರತಿ ತಿಂಗಳು ವಿಮಾ ವೆಚ್ಚಕ್ಕೆ 10,000 ಡೆಬಿಟ್, ಪ್ರೀಪೇಯ್ಡ್‌ಗೆ ಕ್ರೆಡಿಟ್. ಐದನೇ ತಿಂಗಳ ಆರಂಭದಲ್ಲಿ ಹೊಸ ಯಂತ್ರವೊಂದನ್ನು ಅದೇ ಪಾಲಿಸಿಗೆ ಸೇರಿಸಿ, ಉಳಿದ ಎಂಟು ತಿಂಗಳಿಗೆ 16,000 ಹೆಚ್ಚುವರಿ ಪ್ರೀಮಿಯಂ ಕಟ್ಟಿದ್ದೆವು. ಅಲ್ಲಿಂದ ಮುಂದೆ ತಿಂಗಳಿಗೆ 12,000 ಆಗಬೇಕು.

"ಆರನೇ ತಿಂಗಳ ಕೊನೆಗೆ ಎಷ್ಟು ಉಳಿಯಬೇಕು ಹೇಳಮ್ಮ" ಅಂದೆ. ಕಟ್ಟಿದ್ದು ಒಟ್ಟು 1,36,000. ವೆಚ್ಚಕ್ಕೆ ಹೋದದ್ದು ನಾಲ್ಕು ತಿಂಗಳಿಗೆ 40,000, ಎರಡು ತಿಂಗಳಿಗೆ 24,000. ಉಳಿಕೆ 72,000. "ಇನ್ನು ಆರು ತಿಂಗಳಿದೆ ಸರ್, ತಿಂಗಳಿಗೆ 12,000, ಅದೂ 72,000ವೇ" ಎಂದು ಅವಳೇ ತಾಳೆ ನೋಡಿದಳು.

ಈಗ ಸಾಫ್ಟ್‌ವೇರ್‌ನಲ್ಲಿ ತಾನಾಗಿ ಬೀಳುವ ಎಂಟ್ರಿಯನ್ನು ಯಾರೂ ಬದಲಿಸದೆ 10,000ಕ್ಕೇ ಬಿಟ್ಟಿದ್ದರೆ? ಲೆಡ್ಜರ್‌ನಲ್ಲಿ 76,000 ಇರುತ್ತದೆ. ಟ್ರಯಲ್ ಬ್ಯಾಲೆನ್ಸ್ ಸರಿಯಾಗಿಯೇ ಕೂಡುತ್ತದೆ, ಏಕೆಂದರೆ ಡೆಬಿಟ್ ಕ್ರೆಡಿಟ್ ಎರಡೂ ಕಡೆ ಒಂದೇ ಮೊತ್ತ ಕಡಿಮೆ ಬಿದ್ದಿದೆ. ಷೆಡ್ಯೂಲ್ ಪಕ್ಕದಲ್ಲಿಟ್ಟಾಗ ಮಾತ್ರ 4,000 ವ್ಯತ್ಯಾಸ ಕಾಣುತ್ತದೆ. ನೋಡದೆ ಬಿಟ್ಟರೆ ಪಾಲಿಸಿ ಮುಗಿದ ಮೇಲೂ 16,000 ಪ್ರೀಪೇಯ್ಡ್‌ನಲ್ಲೇ ಕೂತಿರುತ್ತದೆ. ತಾನಾಗಿ ಬೀಳುವ ಎಂಟ್ರಿಗಳ ಮೇಲೆಯೇ ನನಗೆ ಹೆಚ್ಚು ಅನುಮಾನ. ಕೈಯಾರೆ ಹಾಕುವಾಗ ಒಮ್ಮೆಯಾದರೂ ಮೊತ್ತದ ಮೇಲೆ ಕಣ್ಣು ಹೋಗುತ್ತದೆ.

ಸವಕಳಿಯ ಬಗ್ಗೆ ಹೆಚ್ಚು ಬರೆಯಲಿಲ್ಲ. ಆಸ್ತಿ ರಿಜಿಸ್ಟರ್‌ನಲ್ಲಿ ಹೊಸ ಖರೀದಿ, ಮಾರಾಟ ಎರಡನ್ನೂ ಹತ್ತಿಸಿದ ಮೇಲೆಯೇ ಎಂಟ್ರಿ ಹಾಕಬೇಕು, ಅಷ್ಟೇ. ಸಾಲದ ಬಡ್ಡಿಗೂ ಬ್ಯಾಂಕಿನ ಕಂತಿನ ಪಟ್ಟಿಯೇ ಷೆಡ್ಯೂಲ್. ಬಡ್ಡಿ ದರ ಬದಲಾದರೆ ಹೊಸ ಪಟ್ಟಿ ತರಿಸಿಕೊಳ್ಳಬೇಕು.

ಪ್ರಾವಿಷನ್‌ಗಳಿಗೆ ಮಾತ್ರ ಒಂದು ಪುಟವೇ ಬೇಕಾಯಿತು, ಅಲ್ಲಿ ಮೊತ್ತ ಅಂದಾಜಿನದು. ವಿದ್ಯುತ್ ಬಿಲ್ಲು ಮುಂದಿನ ತಿಂಗಳು ಬರುತ್ತದೆ, ಬಳಕೆ ಈ ತಿಂಗಳಿನದು. ತಿಂಗಳ ಕೊನೆಗೆ 45,000 ಪ್ರಾವಿಷನ್ ಹಾಕಿ, ಮರುತಿಂಗಳ ಒಂದನೇ ತಾರೀಕಿಗೆ ಅದನ್ನು ರಿವರ್ಸ್ ಮಾಡುತ್ತೇವೆ. ಆಮೇಲೆ 47,200ರ ಬಿಲ್ಲು ಬಂದು ಪೂರ್ತಿಯಾಗಿ ವೆಚ್ಚಕ್ಕೆ ಹೋದಾಗ, ಅದರಲ್ಲಿ ಹೊಸ ತಿಂಗಳ ಮೇಲೆ ಬೀಳುವುದು 2,200 ಮಾತ್ರ. ರಿವರ್ಸಲ್ ಮರೆತರೆ ಒಂದೇ ತಿಂಗಳ ವಿದ್ಯುತ್ ಎರಡು ಸಲ ವೆಚ್ಚವಾಗುತ್ತದೆ. ಪ್ರಾವಿಷನ್ ಲೆಡ್ಜರ್‌ನಲ್ಲಿ ಎರಡು ತಿಂಗಳ ಮೊತ್ತ ಒಟ್ಟಿಗೆ ನಿಂತಿದ್ದರೆ ಮೊದಲು ಹುಡುಕಬೇಕಾದದ್ದು ಇದನ್ನೇ. ಅಂದಾಜು ಹೇಗೆ ಮಾಡಿದೆವು ಎಂಬುದನ್ನೂ ಬರೆದೆ: ಮೀಟರ್ ಓದಿ ಯೂನಿಟ್ ಲೆಕ್ಕ ಹಾಕಿದ್ದೋ, ಹಿಂದಿನ ಮೂರು ಬಿಲ್ಲುಗಳ ಸರಾಸರಿಯೋ ಎಂದು.

ಟಿಪ್ಪಣಿ ಸಿದ್ಧವಾದ ಮೇಲೆ ಕೊನೆಯ ತಿಂಗಳ ಲೆಕ್ಕ ಮುಗಿಸುವ ಕೆಲಸವನ್ನು ಅವಳಿಗೇ ಬಿಟ್ಟು ಪಕ್ಕದಲ್ಲಿ ಕೂತೆ. ಅವಳು ನನ್ನನ್ನು ಕೇಳಿದ ಪ್ರತಿ ಪ್ರಶ್ನೆಯೂ ಟಿಪ್ಪಣಿಯಲ್ಲಿ ಬಿಟ್ಟುಹೋದ ಒಂದು ಸಾಲು. ಉತ್ತರವನ್ನು ಬಾಯಲ್ಲಿ ಹೇಳದೆ ಅಲ್ಲೇ ಬರೆಯುತ್ತಾ ಹೋದೆ. ತಾಳೆಯಾಗದೆ ಉಳಿದ ಬಾಕಿಗಳನ್ನು ಮಾತ್ರ ಪ್ರತ್ಯೇಕ ಹಾಳೆಯಲ್ಲಿ, ಯಾವ ತಿಂಗಳಿನಿಂದ ಇವೆ, ಯಾರ ಉತ್ತರಕ್ಕೆ ಕಾಯುತ್ತಿವೆ ಎಂಬುದರೊಂದಿಗೆ ಬರೆದು, ಮ್ಯಾನೇಜರ್ ಸಹಿ ಹಾಕಿಸಿ ಫೈಲಿಗೆ ಸೇರಿಸಿದೆ.